ಸೀತೂರಿನ ನಮ್ಮತ್ತೆ ಮನೆ ರೂಮು ಬಾಡಿಗೆಗಿದೆ

ಎನ್.ಆರ್.ಪುರ ತಾಲ್ಲೂಕಿನ ಸೀತೂರಲ್ಲಿ ನಮ್ಮ ಸೋದರತ್ತೆ ತನ್ನ ಮನೆ ಪಕ್ಕ ಒಂದು ರೂಮು ಕಟ್ಟಿಸಿದಾಳೆ. ತೋಟದ ಕೂಲಿ, ಅಡಿಕೆ ಸುಲಿದ ದುಡ್ಡು, ಸಂಘದ ಸಾಲ ಎಲ್ಲಾ ಸೇರಿಸಿ ಎದ್ದ ಗೋಡೆ ಅದು. ಬಾಡಿಗೆ ಬಂದ್ರೆ ಸಂಘದ ಕಂತಿಗೆ ಆಗುತ್ತೆ ಅನ್ನೋದು ಲೆಕ್ಕ. ಮಗಳು ಡಿಗ್ರಿ ಓದ್ತಿದಾಳೆ, ಅವಳೇ ಜಾಹೀರಾತು ಬರೆದು ಸುತ್ತಮುತ್ತಲ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದ್ಲು. ಒಂದಷ್ಟು ಜನ ಫೋನ್ ಮಾಡಿದ್ರು, ನಾಲ್ಕು ಜನ ಬಂದು ನೋಡಿದ್ರು, ಯಾರೂ ಹಿಡೀಲಿಲ್ಲ. ಆಮೇಲೆ ಜಾಹೀರಾತು ನನ್ನ ಹತ್ರ ಬಂತು. “ಇದ್ರಲ್ಲಿ ಎಂತ ತಪ್ಪಿದೆ ನೋಡು ಮಾರಾಯ” ಅಂತ ಅತ್ತೆ ಕೇಳಿದ್ಲು.

ಮೊದಲು ಆ ಜಾಹೀರಾತು ಹೇಗಿತ್ತೋ ಹಾಗೇ ಓದಿ:

“ರೂಮು ಬಾಡಿಗೆಗಿದೆ. ಸೀತೂರು ಬಸ್ ಸ್ಟಾಪಿನಿಂದ 2 ನಿಮಿಷ. ವಿಶಾಲವಾದ ರೂಮು, ಅಟ್ಯಾಚ್ಡ್ ಬಾತ್‌ರೂಮ್, 24 ಗಂಟೆ ನೀರು, ಕರೆಂಟ್. ಪ್ರಶಾಂತ ವಾತಾವರಣ. ಡೀಸೆಂಟ್ ಫ್ಯಾಮಿಲಿ ಅಥವಾ ನೌಕರಿಯಲ್ಲಿರುವ ಬ್ಯಾಚುಲರ್‌ಗಳಿಗೆ. ಸಸ್ಯಾಹಾರಿಗಳಿಗೆ ಆದ್ಯತೆ. ಬಾಡಿಗೆ ಮಾತಾಡಬಹುದು. ಅಡ್ವಾನ್ಸ್ ಇದೆ. ಷರತ್ತುಗಳು ಅನ್ವಯ.”

ಇಂಥದ್ದನ್ನ ನೀವೂ ನೂರು ಸಲ ಓದಿರ್ತೀರಿ. ನಮ್ಮ ಹುಡುಗಿಯೂ ಹಾಗೇ ಓದಿ ಓದಿ, ಅಲ್ಲೊಂದು ಸಾಲು ಇಲ್ಲೊಂದು ಸಾಲು ಎತ್ತಿಕೊಂಡು ಬರೆದಿದ್ದು. ಮನೆ ನಮ್ಮದು, ಆದ್ರೆ ಮಾತು ಇನ್ಯಾರದ್ದೋ ಮನೆಯ ಓನರ್‌ದು.

ಬಂದ ನಾಲ್ಕು ಜನರ ವಿಷಯ ಮೊದಲು ಹೇಳ್ತೀನಿ. ಯಾರಾದ್ರೂ ರೂಮು ನೋಡೋಕೆ ಬರ್ತಾರೆ ಅಂದ್ರೆ ಅತ್ತೆ ಅರ್ಧ ದಿನದ ಕೂಲಿ ಬಿಟ್ಟು ಮನೇಲಿ ಕಾಯಬೇಕು. ಮೂರು ಸಲ ಕಾದಿದಾಳೆ, ಅಂದ್ರೆ ಒಂದೂವರೆ ದಿನದ ಕೂಲಿ ಹೋಯ್ತು. ಬಂದವರಲ್ಲಿ ಒಬ್ಬರು ಕಾಲೊನಿ ಬಾಗಿಲಲ್ಲಿ ಇರೋ ಬಾಬಾಸಾಹೇಬರ ಫೋಟೋ ನೋಡಿ ಗಾಡಿ ನಿಲ್ಲಿಸಿ, “ಇದು ಕಾಲೊನಿನಾ?” ಅಂತ ಕೇಳಿದ್ರಂತೆ. ಒಳಗೆ ಬಂದ್ರು, ಕೊಟ್ಟ ಟೀ ಮುಟ್ಟಲಿಲ್ಲ, ನಲ್ಲಿಯನ್ನೂ ಮುಟ್ಟಲಿಲ್ಲ. “ನೀರು ಸ್ವಲ್ಪ ಕಮ್ಮಿ ಅಂತ ಕಾಣುತ್ತೆ, ಮನೇಲಿ ಕೇಳಿ ಹೇಳ್ತೀನಿ” ಅಂತ ಹೊರಟ್ರು. ನಲ್ಲಿ ತಿರುಗಿಸದೇ ನೀರು ಕಮ್ಮಿ ಅಂತ ಗೊತ್ತಾಗಿದ್ದು ಹೇಗೆ ಅಂತ ಅತ್ತೆ ಇವತ್ತಿಗೂ ಕೇಳ್ತಾಳೆ.

ಆದ್ರೆ ನಾಲ್ಕೂ ಜನ ಜಾತಿ ನೋಡಿಯೇ ಹೋದ್ರು ಅಂತ ಹೇಳೋಕಾಗಲ್ಲ. ಒಬ್ಬರಿಗೆ ದಾರಿ ದೂರ ಆಯ್ತು. ಇಬ್ಬರು ಹುಡುಗರು ಒಟ್ಟಿಗೆ ಬಂದಿದ್ರು, ಅವರಿಗೆ ಅತ್ತೆಯೇ ಬೇಡ ಅಂದ್ಲು. ಅದಕ್ಕೇ ಜಾಹೀರಾತನ್ನ ಸಾಲು ಸಾಲು ಬಿಡಿಸಿ ನೋಡ್ಬೇಕಾಯ್ತು. ಯಾವ ಸಾಲಿನಿಂದ ಬರಬಾರದವರು ಬಂದ್ರು, ಯಾವ ಸಾಲಿನಿಂದ ಬರಬೇಕಾದವರು ಬರಲಿಲ್ಲ ಅಂತ.

ಮೊದಲು ಇದ್ದದ್ದು ಇದ್ದ ಹಾಗೆ ಇದೆಯಾ ಅನ್ನೋ ಪ್ರಶ್ನೆ. ಇದನ್ನ ಮನೆಯಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ. ಹುಡುಗಿಗೆ ಹೇಳಿದೆ, ಬೆನ್ನಿಗೆ ಒಂದು ಬ್ಯಾಗ್ ಹಾಕ್ಕೊಂಡು ಬಸ್ ಸ್ಟಾಪಿಂದ ಮನೆ ತನಕ ಮಾಮೂಲಿ ನಡಿಗೇಲಿ ನಡಿ, ಫೋನಲ್ಲಿ ಟೈಮ್ ನೋಡು ಅಂತ. ಹನ್ನೊಂದು ನಿಮಿಷ ಆಯ್ತು. ಕೊನೇ ಭಾಗ ಮಣ್ಣಿನ ದಾರಿ, ಏರು. ಮಳೆಗಾಲದಲ್ಲಿ ಸ್ಕೂಟಿಯನ್ನ ಕೆಳಗೇ ನಿಲ್ಲಿಸಿ ಹತ್ತಬೇಕು. ಎರಡು ನಿಮಿಷ ಅಂತ ನಂಬಿ ಬಂದವರು ಹತ್ತನೇ ನಿಮಿಷಕ್ಕೆ ಮನಸ್ಸಲ್ಲೇ ರೂಮು ಬಿಟ್ಟಿರ್ತಾರೆ. ಹನ್ನೊಂದು ಅಂತ ಗೊತ್ತಿದ್ದೇ ಬಂದವರಿಗೆ ಆ ಏರು ಹೊಸದಾಗಿ ಕಾಣೋದಿಲ್ಲ.

“ಅಟ್ಯಾಚ್ಡ್ ಬಾತ್‌ರೂಮ್” ಇನ್ನೊಂದು. ನಮ್ಮ ಕಡೆ ಗೋಡೆಗೆ ಗೋಡೆ ತಾಗಿದ್ರೆ ಅದು ಅಟ್ಯಾಚ್ಡ್. ಬೆಂಗಳೂರಲ್ಲಿ ಇದ್ದು ಬಂದವರಿಗೆ ಅಟ್ಯಾಚ್ಡ್ ಅಂದ್ರೆ ರೂಮಿನ ಒಳಗಿಂದಲೇ ಬಾಗಿಲು. ಅತ್ತೆ ಮನೇದು ಹೊರಗಿಂದ ಬಾಗಿಲು, ಮಧ್ಯೆ ನಾಲ್ಕು ಹೆಜ್ಜೆ ಬಯಲು. ಆಷಾಢದ ಮಳೇಲಿ ರಾತ್ರಿ ಎರಡು ಗಂಟೆಗೆ ಆ ನಾಲ್ಕು ಹೆಜ್ಜೆ ದೊಡ್ಡ ದೂರ. ಅದನ್ನ ಬರೀಲೇಬೇಕು. ಆದ್ರೆ ಅದರ ಜೊತೆಗೇ ಇರೋ ದೊಡ್ಡ ಅನುಕೂಲವನ್ನ ಹುಡುಗಿ ಬರೆದೇ ಇರಲಿಲ್ಲ: ಆ ಬಚ್ಚಲು, ಕಕ್ಕಸು ರೂಮಿನವರಿಗೆ ಮಾತ್ರ, ಬೇರೆ ಯಾರೂ ಬಳಸಲ್ಲ. ಬಚ್ಚಲಲ್ಲಿ ಹಂಡೆ ಒಲೆಯೂ ಇದೆ. ಎರವಲು ಮಾತಲ್ಲಿ ಬರೆದ್ರೆ ಹೀಗೇ ಆಗೋದು. ಇಲ್ಲದ್ದು ಸೇರಿಕೊಳ್ಳುತ್ತೆ, ಇರೋದು ಬಿಟ್ಟುಹೋಗುತ್ತೆ.

“24 ಗಂಟೆ ನೀರು” ಅಂತೂ ಪೂರಾ ಸುಳ್ಳು. ಪಂಚಾಯ್ತಿ ನೀರು ಬೆಳಿಗ್ಗೆ ಒಂದು ಗಂಟೆ ಹೊತ್ತು ಬರುತ್ತೆ, 500 ಲೀಟರ್ ಟ್ಯಾಂಕ್ ತುಂಬುತ್ತೆ. ಅತ್ತೆ, ಮಗಳು, ಬಾಡಿಗೆಗೆ ಬರೋ ಒಬ್ಬರು, ಒಟ್ಟು ಮೂರು ಜನ. ಸ್ನಾನ, ಬಟ್ಟೆ, ಪಾತ್ರೆ, ಕಕ್ಕಸು ಎಲ್ಲಾ ಸೇರಿ ತಲೆಗೆ ನೂರು ಲೀಟರ್ ಹಿಡಿದ್ರೂ ದಿನಕ್ಕೆ ಮುನ್ನೂರು. ಅಂದ್ರೆ ತುಂಬಿದ ಟ್ಯಾಂಕು ಒಂದೂವರೆ ದಿನಕ್ಕೆ ಸಾಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದ್ರೆ ಪಂಚಾಯ್ತಿ ಪಂಪೂ ನಿಲ್ಲುತ್ತೆ, ಆಗ ಬಾವಿಯಿಂದ ಸೇದಬೇಕು. ಇದನ್ನ ಬರೆದ್ರೆ ಜನ ಓಡಿಹೋಗ್ತಾರೆ ಅಂತ ಹುಡುಗಿ ಹೆದರಿದ್ಲು. ಮಲ್ನಾಡಲ್ಲಿ ಮಳೆಗಾಲ ಕಂಡವರು ಯಾರೂ ಓಡಲ್ಲ. ಅವರ ಮನೆಯಲ್ಲೂ ಅದೇ ಕಥೆ. ಓಡುವವರು ಬಂದು ಹದಿನೈದು ದಿನಕ್ಕೆ ಬಿಟ್ಟು ಹೋಗೋದಕ್ಕಿಂತ ಮೊದಲೇ ಓಡಲಿ.

ಇನ್ನು ಕೊನೇ ಸಾಲಿಗೆ ಬರ್ತೀನಿ: “ಷರತ್ತುಗಳು ಅನ್ವಯ.” ನನ್ನ ಪ್ರಕಾರ ಇಡೀ ಜಾಹೀರಾತಿನಲ್ಲಿ ಅತಿ ಕೆಟ್ಟ ಸಾಲು ಇದೇ, “ಸಸ್ಯಾಹಾರಿ” ಅನ್ನೋದಕ್ಕಿಂತ ಕೆಟ್ಟದ್ದು. ಷರತ್ತು ಇದೆ ಅಂತ ಹೇಳಿ ಏನು ಅಂತ ಹೇಳದಿದ್ರೆ, ಬಂದವರ ಮುಖ ನೋಡಿ, ಹೆಸರು ಕೇಳಿ, ಆಮೇಲೆ ಷರತ್ತು ಹುಟ್ಟಿಸಬಹುದು. ಒಬ್ಬರಿಗೆ ಅಡ್ವಾನ್ಸ್ ಎರಡು ತಿಂಗಳದ್ದು, ಇನ್ನೊಬ್ಬರಿಗೆ ಆರು ತಿಂಗಳದ್ದು. ಒಬ್ಬರಿಗೆ ನೆಂಟರು ಬರಬಹುದು, ಇನ್ನೊಬ್ಬರಿಗೆ ಬರಬಾರದು.

ಇದು ನನ್ನ ಕಲ್ಪನೆ ಅಲ್ಲ. ಸುಖದೇವ್ ಥೋರಟ್ ಮತ್ತು ಅವರ ಜೊತೆಗಾರರು 2012ರಲ್ಲಿ ದೆಹಲಿ ಮತ್ತು ಸುತ್ತಲ ಊರುಗಳಲ್ಲಿ ಬಾಡಿಗೆ ಮನೆ ಜಾಹೀರಾತುಗಳಿಗೆ ಬೇರೆ ಬೇರೆ ಹೆಸರಲ್ಲಿ ಫೋನ್ ಮಾಡಿಸಿ ನೋಡಿದ್ರು. ಅಧ್ಯಯನ 2015ರಲ್ಲಿ ಇಪಿಡಬ್ಲ್ಯು ವಾರಪತ್ರಿಕೆಯಲ್ಲಿ ಬಂತು. ಮೇಲ್ಜಾತಿ ಹೆಸರಿಗೆ ಸಿಕ್ಕ ಮನೆ ದಲಿತ ಹೆಸರಿಗೆ ಅಷ್ಟು ಸುಲಭಕ್ಕೆ ಸಿಗಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಷ್ಟ ಆಯ್ತು. “ಇಲ್ಲ” ಅನ್ನದೇ ಇದ್ದ ಕಡೆಯೂ ಎಲ್ಲರಿಗೂ ಒಂದೇ ಷರತ್ತು ಇರಲಿಲ್ಲ. ಜಾಹೀರಾತಲ್ಲಿ ಇಲ್ಲದ ಷರತ್ತು ಹೆಸರು ಹೇಳಿದ ಮೇಲೆ ಬಂತು.

ಬಾಬಾಸಾಹೇಬರಿಗೆ ಬರೋಡಾದಲ್ಲಿ ಆಗಿದ್ದೂ ಇದೇ. ಅಮೆರಿಕ, ಲಂಡನ್‌ನಲ್ಲಿ ಓದಿ ಬಂದವರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದ್ರು. ಆಮೇಲೆ ಅವರು ಕೇಳಿದ ಇಬ್ಬರು ಗೆಳೆಯರಲ್ಲಿ ಯಾರೂ ‘ನೀನು ಅಸ್ಪೃಶ್ಯ, ಬೇಡ’ ಅಂತ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬರು ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ್ರು, ಇನ್ನೊಬ್ಬರು ಹೆಂಡತಿಯನ್ನ ಕೇಳಬೇಕು ಅಂದ್ರು. ಅತ್ತೆ ಮನೆಗೆ ಬಂದವರೂ “ಮನೇಲಿ ಕೇಳಿ ಹೇಳ್ತೀನಿ” ಅಂದಿದ್ದು ನೆನಪಿದೆಯಲ್ಲ.

ಅದಕ್ಕೇ ನಿಯಮಗಳನ್ನ ಬರೆಯೋಕೆ ಕೂತೆವು. ಒಂದೊಂದು ನಿಯಮಕ್ಕೂ ಎರಡು ಪ್ರಶ್ನೆ ಹಾಕಿದೆವು. ಇದರಲ್ಲಿ ಯಾರು, ಎಷ್ಟು, ಯಾವಾಗ ಅನ್ನೋದು ಇದೆಯಾ? ಇದರ ಕಾರಣವನ್ನ ಬಂದ ಯಾರ ಮುಂದೆ ಬೇಕಾದ್ರೂ ಗಟ್ಟಿಯಾಗಿ ಹೇಳಬಹುದಾ?

ಹುಡುಗಿ ಮೊದಲು ಹೇಳಿದ್ದು “ರಾತ್ರಿ 9ಕ್ಕೆ ಗೇಟ್ ಬಂದ್” ಅಂತ. ಅವರ ಮನೆಗೆ ಗೇಟೇ ಇಲ್ಲ! ರೂಮಿಗೆ ಬೇರೆಯೇ ಬಾಗಿಲು, ಬೇರೆಯೇ ಬೀಗ. ಯಾರು ಎಷ್ಟು ಹೊತ್ತಿಗೆ ಬಂದ್ರೂ ಅತ್ತೆ ಏಳಬೇಕಾಗಿಲ್ಲ. ಮತ್ತೆ ಇಂಥ ಊರಿಗೆ ರೂಮು ಕೇಳಿಕೊಂಡು ಬರೋರು ಯಾರು? ನರ್ಸು, ಅತಿಥಿ ಶಿಕ್ಷಕಿ, ಫೈನಾನ್ಸ್ ಆಫೀಸಿನ ಹುಡುಗಿ. ನೈಟ್ ಡ್ಯೂಟಿ ಇರೋ ನರ್ಸು ಆ ಒಂದು ಸಾಲು ಓದಿ ಮುಂದಿನ ಜಾಹೀರಾತಿಗೆ ಹೋಗ್ತಾಳೆ. ಆ ಸಾಲು ಹೊಡೆದು ಹಾಕಿದೆವು.

ಬ್ಯಾಚುಲರ್ ವಿಷಯದಲ್ಲಿ ಅತ್ತೆ ಮನಸ್ಸಲ್ಲಿ ಇದ್ದದ್ದೇ ಬೇರೆ. ಮನೇಲಿ ಇಬ್ಬರೇ ಹೆಂಗಸರು, ಗಂಡಸರು ಒಬ್ಬೊಬ್ಬರೇ ಬಂದು ಇರೋದು ಅವಳಿಗೆ ಬೇಡ. ಆದ್ರೆ ಜಾಹೀರಾತು ಬನ್ನಿ ಅಂತ ಕರೀತಿತ್ತು. ಆ ಇಬ್ಬರು ಹುಡುಗರಿಗೂ ಸುಮ್ಮನೆ ಓಡಾಟ, ಅತ್ತೆಗೂ ಮುಜುಗರ. ಈ ಮಿತಿಯ ಕಾರಣವನ್ನ ಯಾರ ಮುಂದೆ ಬೇಕಾದ್ರೂ ಹೇಳಬಹುದು. ಹಾಗಾದ್ರೆ ಬರೆದುಬಿಡೋದು.

ಕರೆಂಟಿನ ವಿಷಯ ಸ್ವಲ್ಪ ನಿಧಾನಕ್ಕೆ ನೋಡಿ, ಜಗಳ ಜಾಸ್ತಿ ಆಗೋದು ಇಲ್ಲೇ. ಅತ್ತೆ ಮನೆಗೆ ಮೆಸ್ಕಾಂ ಮೀಟರ್ ಒಂದೇ, ಅದಕ್ಕೆ ಗೃಹಜ್ಯೋತಿ ಇದೆ. ರೂಮಿಗೆ ಅದರಿಂದಲೇ ಲೈನ್ ಎಳೆದು ಸಬ್ ಮೀಟರ್ ಹಾಕಿದಾರೆ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತೆ, ಆದ್ರೆ ಆ ರೂಮಿಗೆ ಅದರದ್ದೇ ಆರ್‌ಆರ್ ನಂಬರ್ ಇದ್ರೆ ಮಾತ್ರ. ಸಬ್ ಮೀಟರಿಗೆ ಆರ್‌ಆರ್ ನಂಬರ್ ಇಲ್ಲ. ಹಾಗಾಗಿ ಎರಡೂ ಕಡೆ ಉರಿದಿದ್ದು ಅತ್ತೆ ಲೆಕ್ಕಕ್ಕೇ ಬೀಳುತ್ತೆ. ಅವಳಿಗೆ ತಿಂಗಳಿಗೆ 80 ಯೂನಿಟ್ ಉಚಿತ ಅಂತ ಇಟ್ಕೊಳ್ಳಿ. ಮನೇಲಿ 75, ರೂಮಲ್ಲಿ 35 ಉರಿದ್ರೆ ಒಟ್ಟು 110. ಹೆಚ್ಚಾದ 30 ಯೂನಿಟ್ಟಿಗೆ ಬಿಲ್ ಬರುತ್ತೆ. ಅದನ್ನ ಯಾರು ಕಟ್ಟಬೇಕು? ರೂಮಿನವರು “ಫ್ರೀ ಕರೆಂಟ್ ಅಲ್ವಾ” ಅಂತಾರೆ, ಅತ್ತೆ “ನೀವು ಬರೋ ಮುಂಚೆ ಬಿಲ್ಲೇ ಇರಲಿಲ್ಲ” ಅಂತಾಳೆ. ಒಟ್ಟು 200 ಯೂನಿಟ್ ದಾಟಿದ್ರಂತೂ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೆ ಹೀಗೆ ಬರೆದೆವು: ಬಿಲ್ ಬಂದ ದಿನ ಸಬ್ ಮೀಟರ್ ನೋಡಿ ಇಬ್ಬರೂ ಪುಸ್ತಕದಲ್ಲಿ ಬರೆದುಕೊಳ್ಳೋದು, ಬಿಲ್ ಬಂದ್ರೆ ರೂಮಿನ ಯೂನಿಟ್ ಎಷ್ಟೋ ಅಷ್ಟರ ಮಟ್ಟಿಗೆ ರೂಮಿನವರು, ಬಿಲ್ ಬರದಿದ್ರೆ ಯಾರೂ ಏನೂ ಕೊಡಬೇಕಿಲ್ಲ. ಹೀಟರ್ ಕಾಯಿಲ್, ಇಂಡಕ್ಷನ್ ಒಲೆ ಬೇಡ ಅಂತಲೂ ಬರೆದೆವು. ಆ ವೈರಿಂಗ್ ಅಷ್ಟು ಭಾರ ತಡೆಯಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳಿದಾನೆ.

ಬಾಡಿಗೆ, ಅಡ್ವಾನ್ಸಿಗೆ ಅಂಕಿಯನ್ನೇ ಹಾಕಿದೆವು. “ಮಾತಾಡಬಹುದು” ಅಂತ ಬಿಟ್ರೆ ಮಾತಾಡೋಕೆ ಧೈರ್ಯ ಇದ್ದವರಿಗೆ ಕಮ್ಮಿ, ಸಂಕೋಚದವರಿಗೆ ಜಾಸ್ತಿ ಆಗುತ್ತೆ. ಅಡ್ವಾನ್ಸ್ ಯಾವಾಗ ವಾಪಸ್, ಯಾವುದಕ್ಕೆ ಮುರೀತೀವಿ ಅನ್ನೋದನ್ನೂ ಬರೆದೆವು. ಬಿಡೋಕೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದು ಮೊದಲು ಇರಲೇ ಇಲ್ಲ. ಏನೂ ಮಾತಾಗದೇ ಇದ್ರೆ ತಿಂಗಳ ಬಾಡಿಗೆಗೆ ಕಾನೂನು ಹೇಳೋದು ಹದಿನೈದು ದಿನದ ನೋಟಿಸು. ಹದಿನೈದು ದಿನದಲ್ಲಿ ಈ ಕಡೆ ಇನ್ನೊಂದು ರೂಮು ಹುಡುಕೋದು ಯಾರಿಗೂ ಕಷ್ಟ. ಎರಡೂ ಕಡೆಗೆ ಒಂದು ತಿಂಗಳು ಅಂತ ಮಾಡಿದೆವು.

ಈಗ “ಸಸ್ಯಾಹಾರಿಗಳಿಗೆ ಆದ್ಯತೆ” ಮತ್ತು “ಡೀಸೆಂಟ್ ಫ್ಯಾಮಿಲಿ”. ನಾನು ಹುಡುಗಿಗೆ ಕೇಳಿದ್ದು ಒಂದೇ ಮಾತು: “ಭಾನುವಾರ ನಿಮ್ಮನೇಲಿ ಎಂತ ಸಾರು?” ಅವಳು ನಕ್ಕುಬಿಟ್ಲು. ಒಣಮೀನು ಸುಟ್ಟ ಘಮ ಕಾಲೊನಿ ಕೊನೆ ತನಕ ಹೋಗೋ ಮನೆ ಅದು. ಅಲ್ಲಿಗೆ ನಿಜವಾದ ಸಸ್ಯಾಹಾರಿ ಬಂದ್ರೆ ಅವರಿಗೂ ಹಿಂಸೆ, ಇವರಿಗೂ ಹಿಂಸೆ. ಹೊಂದಿಕೊಂಡು ಇರೋಕೆ ಆಗೋ ನಮ್ಮ ಜನ, ಮುಸ್ಲಿಮರು, ಕ್ರೈಸ್ತರು, ಮೀನು ತಿನ್ನೋ ಎಲ್ಲಾ ಜಾತಿಯವರು ಆ ಸಾಲು ಓದಿದ ತಕ್ಷಣ “ಇದು ನಮಗಲ್ಲ” ಅಂದುಕೊಂಡಿರ್ತಾರೆ. ಯಾಕಂದ್ರೆ ಆ ಸಾಲಿನ ಅರ್ಥ ಊಟದ ವಿಷಯ ಅಲ್ಲ ಅಂತ ನಾವೆಲ್ಲಾ ಅನುಭವದಿಂದ ಕಲಿತಿದ್ದೀವಿ. ನಮ್ಮನ್ನ ಹೊರಗಿಡೋಕೆ ಮಾಡಿದ ಸಾಲನ್ನ ನಮ್ಮ ಮನೆ ಬಾಗಿಲಿಗೇ ಹಾಕ್ಕೊಂಡಿದ್ವಿ. “ಡೀಸೆಂಟ್” ಕೂಡ ಹಾಗೇ. ಯಾರು ಡೀಸೆಂಟ್ ಅಂತ ತೀರ್ಮಾನ ಮಾಡೋರು ಯಾರು? ಕುಡಿದು ಗಲಾಟೆ ಬೇಡ ಅನ್ನೋದು ಅತ್ತೆಯ ಮನಸ್ಸಲ್ಲಿದ್ರೆ “ಕುಡಿದು ಗಲಾಟೆ ಬೇಡ” ಅಂತಲೇ ಬರೆಯೋಣ ಅಂದೆ.

ಕೆಲವರು ಕೇಳ್ತಾರೆ, ಸಸ್ಯಾಹಾರಿ ಅಂತ ಬರೆದ್ರೆ ಕೇಸ್ ಹಾಕಬಹುದಾ ಅಂತ. ಆ ಪದ ಒಂದರಿಂದಲೇ ಅಪರಾಧ ಆಗಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಕೊಡಲ್ಲ ಅಂದ್ರೆ ಆಗುತ್ತೆ. 1955ರ ಕಾಯ್ದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾದದ್ದು, ವಾಸದ ಮನೆ ಹಿಡಿಯೋಕೆ ಅಡ್ಡಿ ಮಾಡೋದನ್ನ 4ನೇ ಸೆಕ್ಷನ್ನಿನಲ್ಲಿ ಹೇಳುತ್ತೆ, ಮನೆ ಬಾಡಿಗೆಗೆ ಕೊಡದೇ ಇರೋದನ್ನ 7ನೇ ಸೆಕ್ಷನ್ನಿನಲ್ಲಿ ಬಹಿಷ್ಕಾರ ಅಂತ ಎಣಿಸುತ್ತೆ. ಆದ್ರೆ ಓನರು “ನೆಂಟರು ಬರ್ತಾರೆ, ರೂಮು ಬೇಕು” ಅಂದುಬಿಟ್ರೆ ಕೇಸು ನಿಲ್ಲಿಸೋದು ಕಷ್ಟ. ಜಾಹೀರಾತಲ್ಲಿ ನಿಯಮ ಸ್ಪಷ್ಟ ಇದ್ದು, ಅದಕ್ಕೆ ಒಪ್ಪಿದವರಿಗೆ ಹೆಸರು ಕೇಳಿದ ಮೇಲೆ ಇಲ್ಲ ಅಂದ್ರೆ ಆ ಸಬೂಬು ಕಣ್ಣಿಗೆ ಕಾಣುತ್ತೆ. ಅದಕ್ಕೇ ಬಾಡಿಗೆ ಹುಡುಕೋರು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಆದ್ರೆ ನಮ್ಮತ್ತೆ ಮಾಲೀಕಳು. ಅವಳ ಕಷ್ಟಕ್ಕೆ ಕಾಯ್ದೆ ಅಷ್ಟು ಸುಲಭಕ್ಕೆ ಬರಲ್ಲ. ಕಾಲೊನಿ ಅಂತ ರೂಮು ಬೇಡ ಅನ್ನೋರ ಮೇಲೆ, ಟೀ ಕುಡಿಯದೇ ಹೋಗೋರ ಮೇಲೆ ಕೇಸು ನಿಲ್ಲಿಸೋದು ಇನ್ನೂ ಕಷ್ಟ.

ಹಾಗಾಗಿ ಉಳಿದಿದ್ದು ಒಂದೇ ಪ್ರಶ್ನೆ, ಅದಕ್ಕೇ ಜಾಸ್ತಿ ಹೊತ್ತು ಹಿಡೀತು. ವಿಳಾಸದಲ್ಲಿ ‘ಅಂಬೇಡ್ಕರ್ ಕಾಲೊನಿ’ ಅಂತ ಬರೆಯೋದಾ ಬೇಡ್ವಾ? ಹುಡುಗಿ ಬೇಡ ಅಂದ್ಲು. “ಅಣ್ಣಾ, ಅದು ಓದಿದ್ರೆ ಫೋನೇ ಬರಲ್ಲ. ಬಂದು ರೂಮು ನೋಡಿದ್ರೆ ಮನಸ್ಸು ಬದಲಾಗಬಹುದು.” ಅವಳ ಮಾತು ಸುಳ್ಳಲ್ಲ, ಹಾಗೆ ಬದಲಾದವರನ್ನ ನಾನೂ ನೋಡಿದೀನಿ. ಅಡಗಿಸಿ ಬರೆದದ್ದು ನಾಚಿಕೆಯಿಂದ ಅಲ್ಲ, ಅನುಭವದಿಂದ. ನಾನು ಹೇಳಿದ್ದು, ಫೋನ್ ಎಷ್ಟು ಬರುತ್ತೆ ಅನ್ನೋದು ಲೆಕ್ಕ ಅಲ್ಲ, ಬಂದವರಲ್ಲಿ ಎಷ್ಟು ಜನ ಇರ್ತಾರೆ ಅನ್ನೋದು ಲೆಕ್ಕ ಅಂತ. ಕೊನೆಗೆ ತೀರ್ಮಾನ ಮಾಡಿದ್ದು ಅತ್ತೆ. “ಬರೀ ಕಣೇ. ಬಾಡಿಗೆ ಕಮ್ಮಿ ಆದ್ರೂ ಅಡ್ಡಿಲ್ಲ, ಚೆಲ್ಲೋಕೆ ಟೀ ಮಾಡಲ್ಲ ನಾನು.”

ಹೊಸ ಜಾಹೀರಾತು ಇದು:

“ಸೀತೂರು ಅಂಬೇಡ್ಕರ್ ಕಾಲೊನಿಯಲ್ಲಿ ಒಂದು ರೂಮು ಬಾಡಿಗೆಗಿದೆ. ಬಸ್ ಸ್ಟಾಪಿನಿಂದ 11 ನಿಮಿಷ ನಡಿಗೆ, ಕೊನೆಗೆ ಮಣ್ಣಿನ ಏರು. ಮಳೆಗಾಲದಲ್ಲಿ ಗಾಡಿ ಕೆಳಗೆ ನಿಲ್ಲಿಸಬೇಕು. ರೂಮು 9 ಅಡಿ × 11 ಅಡಿ, ಬೇರೆ ಬಾಗಿಲು, ಅಡಿಗೆ ಕಟ್ಟೆ ಇದೆ. ಬಚ್ಚಲು, ಕಕ್ಕಸು ನಿಮಗೆ ಮಾತ್ರ, ಬಾಗಿಲು ಹೊರಗಡೆಯಿಂದ. ಹಂಡೆ ಒಲೆ ಇದೆ, ಸೌದೆ ನಿಮ್ಮದು. ನೀರು ಬೆಳಿಗ್ಗೆ ಬರುತ್ತೆ, 500 ಲೀಟರ್ ಟ್ಯಾಂಕ್ ನಮ್ಮ ಜೊತೆ ಹಂಚಿಕೆ. ಎರಡು ದಿನ ಕರೆಂಟ್ ಇಲ್ಲದಿದ್ರೆ ಬಾವಿ.

ಬಾಡಿಗೆ 2,500, ಪ್ರತಿ ತಿಂಗಳ 5ರ ಒಳಗೆ. ಅಡ್ವಾನ್ಸ್ 5,000, ಕೀಲಿ ಕೊಟ್ಟ ದಿನವೇ ವಾಪಸ್. ಬಾಕಿ ಬಾಡಿಗೆ, ಒಡೆದ ಸಾಮಾನು ಬಿಟ್ಟು ಬೇರೆ ಯಾವುದಕ್ಕೂ ಮುರಿಯಲ್ಲ. ಬಿಡೋದಾದ್ರೆ, ಬಿಡಿಸೋದಾದ್ರೆ ಒಂದು ತಿಂಗಳು ಮುಂಚೆ ಹೇಳಬೇಕು. ಕರೆಂಟ್ ಸಬ್ ಮೀಟರ್, ಬಿಲ್ ಬಂದ ತಿಂಗಳು ಮಾತ್ರ ನಿಮ್ಮ ಯೂನಿಟ್ಟಿನ ಪಾಲು. ಹೀಟರ್ ಕಾಯಿಲ್, ಇಂಡಕ್ಷನ್ ಒಲೆ ಬೇಡ.

ಮನೆಯಲ್ಲಿ ಇಬ್ಬರು ಹೆಂಗಸರೇ ಇರೋದ್ರಿಂದ ಒಬ್ಬರು ಅಥವಾ ಇಬ್ಬರು ಹೆಣ್ಣುಮಕ್ಕಳಿಗೆ, ಇಲ್ಲಾ ಗಂಡ ಹೆಂಡತಿಗೆ. ಯಾವ ಜಾತಿ, ಧರ್ಮದವರಾದ್ರೂ ಸರಿ. ನಾವು ಮೀನು ಮಾಂಸ ಮಾಡ್ತೀವಿ, ನಿಮ್ಮ ಅಡಿಗೆ ನಿಮ್ಮಿಷ್ಟ. ಡ್ಯೂಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದ್ರೂ ತೊಂದರೆ ಇಲ್ಲ. ನೆಂಟರು ಎರಡು ಮೂರು ದಿನ ಇರಬಹುದು, ಮೊದಲೇ ಹೇಳಿ. ಕುಡಿದು ಗಲಾಟೆ ಬೇಡ. ಭಾನುವಾರ ಬಂದು ನೋಡಬಹುದು, ಬೇರೆ ದಿನ ಕೂಲಿಗೆ ಹೋಗಿರ್ತೀವಿ.”

ಉದ್ದ ಆಯ್ತು, ನಿಜ. ಮೊದಲಿಗಿಂತ ಫೋನೂ ಕಮ್ಮಿ. ಇದು ಹಾಕಿದ ಮೇಲೆ ಬಂದಿದ್ದು ಎರಡೇ ಫೋನ್. ಒಬ್ಬರು ಸೌದೆ ಅಲ್ಲೇ ಕೊಳ್ಳೋಕೆ ಸಿಗುತ್ತಾ ಅಂತ ಕೇಳಿದ್ರು. ಇನ್ನೊಬ್ಬರು ಬಾವಿ ಎಷ್ಟು ಆಳ ಅಂತ ಕೇಳಿದ್ರು. “ನೀವು ಯಾವ ಜನ?” ಅಂತ ಇಬ್ಬರೂ ಕೇಳಲಿಲ್ಲ, ಅತ್ತೆಯೂ ಅವರನ್ನ ಕೇಳಲಿಲ್ಲ. ಸೌದೆ ಕೇಳಿದವರು ಬರೋ ಭಾನುವಾರ ಬರ್ತೀನಿ ಅಂದಿದಾರೆ. ಹಿಡೀತಾರೋ ಇಲ್ವೋ ಗೊತ್ತಿಲ್ಲ.

ಅಲ್ಲಿ ತನಕ ರೂಮು ಖಾಲಿನೇ ಇದೆ. ಕೊಪ್ಪ, ಎನ್.ಆರ್.ಪುರ ಕಡೆ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಯಾರಾದ್ರೂ ನಿಮಗೆ ಗೊತ್ತಿದ್ರೆ ಇನ್‌ಬಾಕ್ಸಿಗೆ ಬನ್ನಿ, ಅತ್ತೆ ನಂಬರ್ ಕೊಡ್ತೀನಿ. ನಿಮ್ಮ ಮನೆ ಬಾಡಿಗೆಗೆ ಕೊಡೋದಿದ್ರೆ ನಿಮ್ಮ ಜಾಹೀರಾತಿನ ಕೊನೇ ಸಾಲು ಒಮ್ಮೆ ಓದಿ. “ಷರತ್ತುಗಳು ಅನ್ವಯ” ಅಂತ ಇದ್ರೆ, ಆ ಷರತ್ತು ಏನು ಅಂತ ಅಲ್ಲೇ ಕೆಳಗೆ ಬರೀರಿ. ಬರೆಯೋಕೆ ಆಗದಂಥ ಷರತ್ತು ಯಾವುದಾದ್ರೂ ಉಳಿದ್ರೆ, ಅದು ಏನು ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಜೈಭೀಮ್.